ಲಾಗ್ 11: ಮೂರೂಮುಕ್ಕಾಲು ಪರ್ಸೆಂಟ್ 'ಗ್ಯಾರಂಟಿ' ಲಾಭ, ನೂರೊಂದು ಪೌಂಡ್ ನಷ್ಟ

ಹೋದ ಸಲದ ಲಾಗ್‌ನಲ್ಲಿ ಬೀಗಿದ್ದೆ. ಸ್ಕ್ರಿಪ್ಟ್ ಸರಿಯಾಗಿ ಓಡುತ್ತಿದೆ, ಆರು ಬುಕ್ಕಿಗಳ ಆಡ್ಸ್ ತಂದು ಹೋಲಿಸುತ್ತಿದೆ, ದಿನಕ್ಕೆ ಎರಡು ಮೂರು ಆರ್ಬ್, ಅಂದರೆ ಇಬ್ಬರು ಬುಕ್ಕಿಗಳಲ್ಲಿ ಎರಡೂ ಕಡೆ ಬೆಟ್ ಹಾಕಿದರೆ ಯಾರು ಗೆದ್ದರೂ ಲಾಭ ಬರುವ ಪಂದ್ಯ, ಹಿಡಿಯುತ್ತಿದೆ ಅಂತ. ಮಂಗಳವಾರ ರಾತ್ರಿ ಆ ಬೀಗು ಇಳಿಯಿತು.

ಹೊಸಬರಿಗೆ ಒಂದು ಮಾತು. ಇದೆಲ್ಲ ಕಾಗದದ ದುಡ್ಡು. 2025ರ ಆನ್‌ಲೈನ್ ಗೇಮಿಂಗ್ ಕಾನೂನು ಬಂದ ಮೇಲೆ ನಮ್ಮಲ್ಲಿ ಹಣ ಕಟ್ಟಿಸಿ ಆನ್‌ಲೈನ್‌ನಲ್ಲಿ ಬೆಟ್ ಆಡಿಸುವ ಹಾಗಿಲ್ಲ. ನಾನು ಹಾಸನದಲ್ಲಿ ಕೂತು ಬ್ರಿಟನ್ನಿನ ಬುಕ್ಕಿಗಳ ಆಡ್ಸ್ ಶೀಟ್‌ಗೆ ಇಳಿಸಿ, ಬೆಟ್ ಹಾಕಿದ ಹಾಗೆ ಬರೆದಿಡುತ್ತೇನೆ, ಅಷ್ಟೆ. ಲೀಡ್ಸ್‌ನಲ್ಲಿರುವ ಚಿಕ್ಕಪ್ಪನ ಮಗ ಮಾತ್ರ ಅಲ್ಲಿನ ತನ್ನ ಅಕೌಂಟ್‌ನಲ್ಲಿ, ತನ್ನ ದುಡ್ಡಲ್ಲಿ ನಿಜವಾಗಿ ಆಡುತ್ತಿದ್ದ. ಅವನ ಕಥೆ ಆಮೇಲೆ.

ಮಂಗಳವಾರ ಸಿಕ್ಕಿದ್ದು ಒಂದು ಸಣ್ಣ ಟೆನಿಸ್ ಟೂರ್ನಿಯ ಪಂದ್ಯ. ಒಂದನೇ ಬುಕ್ಕಿಯಲ್ಲಿ ಆಟಗಾರ ಎ ಗೆದ್ದರೆ 2.10, ಅಂದರೆ ಒಂದು ಪೌಂಡ್ ಕಟ್ಟಿದರೆ ಅದೂ ಸೇರಿ 2.10 ಪೌಂಡ್ ವಾಪಸ್. ಎರಡನೇ ಬುಕ್ಕಿಯಲ್ಲಿ ಆಟಗಾರ ಬಿ ಗೆದ್ದರೆ 2.05. ಎರಡನ್ನೂ ತಲೆಕೆಳಗೆ ಮಾಡಿ, ಅಂದರೆ 1/2.10 ಮತ್ತು 1/2.05 ಕೂಡಿಸಿದರೆ 0.964. ಒಂದಕ್ಕಿಂತ ಕಡಿಮೆ, ಅಂದರೆ ಆರ್ಬ್. ಒಬ್ಬನೇ ಬುಕ್ಕಿ ಎರಡೂ ಕಡೆಗೆ 1.91 ಕೊಟ್ಟರೆ ಮೊತ್ತ 1.047 ಬರುತ್ತದೆ, ಆ ಹೆಚ್ಚಿನದ್ದು ಅವನ ಮಾರ್ಜಿನ್. ಒಬ್ಬ ಆಡ್ಸ್ ಬದಲಿಸಿ ಇನ್ನೊಬ್ಬ ಇನ್ನೂ ಬದಲಿಸದೇ ಇದ್ದಾಗ ನಡುವೆ ಸಂದು ಬೀಳುತ್ತದೆ. ಇದು ನಿಮಗೆಲ್ಲ ಗೊತ್ತಿರುವುದೇ.

200 ಪೌಂಡ್ ಹಂಚಿದೆ. ಎ ಮೇಲೆ 98.80, ಬಿ ಮೇಲೆ 101.20. ಯಾರೇ ಗೆದ್ದರೂ ಕೈಗೆ ಬರುವುದು 207.46ರ ಆಸುಪಾಸು. ಲಾಭ ಏಳೂವರೆ ಪೌಂಡ್. ಶೀಟ್‌ನಲ್ಲಿ ಆ ಸಾಲಿಗೆ ಹಸಿರು ಬಣ್ಣ ಬಳಿದು ಊಟಕ್ಕೆ ಎದ್ದೆ.

ಊಟ ಮುಗಿಸಿ ಬಂದು ನೋಡಿದರೆ ಸ್ಕೋರ್ ಪಕ್ಕದಲ್ಲಿ `Ret.` ಅಂತ ಮೂರೇ ಅಕ್ಷರ. ಮೊದಲ ಸೆಟ್ ಮುಗಿದಿತ್ತು. ಎರಡನೇ ಸೆಟ್ ನಡುವೆ ಬಿ ತೊಡೆ ಹಿಡಿದುಕೊಂಡು ಆಟ ಬಿಟ್ಟಿದ್ದ. ಎ ಮುಂದಿನ ಸುತ್ತಿಗೆ ಹೋದ. ಸರಿ, ಎ ಗೆದ್ದ ಹಾಗೇ ಅಲ್ವಾ, ದುಡ್ಡು ಬಂತು ಅಂದುಕೊಂಡೆ. ಮನಸ್ಸಿಗೆ ಸಮಾಧಾನ ಆಗದೆ ಎರಡೂ ಕಡೆಯ ನಿಯಮದ ಪುಟ ತೆಗೆದೆ.

ಒಂದನೇ ಬುಕ್ಕಿಯ ನಿಯಮ: ಪಂದ್ಯ ಪೂರ್ತಿ ಆಗದಿದ್ದರೆ ಬೆಟ್ ವಾಯ್ಡ್ ಅಂದರೆ ರದ್ದು, ಕಟ್ಟಿದ ಸ್ಟೇಕ್ ವಾಪಸ್. ಎರಡನೆಯವನ ನಿಯಮ: ಒಂದು ಸೆಟ್ ಮುಗಿದಿದ್ದರೆ ಸಾಕು, ಮುಂದಿನ ಸುತ್ತಿಗೆ ಹೋದವನೇ ಗೆದ್ದ ಹಾಗೆ. ಒಂದು ಬಾಲ್ ಆಡಿದ್ದರೂ ಸಾಕು ಅನ್ನುವ ಬುಕ್ಕಿಗಳೂ ಇದ್ದಾರೆ. ಹಾಗಾಗಿ ಎ ಮೇಲಿನ 98.80 ಹಾಗೇ ವಾಪಸ್ ಬಂತು, ಒಂದು ಪೈಸೆ ಲಾಭ ಇಲ್ಲದೆ. ಬಿ ಮೇಲಿನ 101.20 ಪೂರ್ತಿ ಹೋಯಿತು. ಏಳೂವರೆ ಪೌಂಡ್ ಆಸೆಗೆ ನೂರೊಂದು ಪೌಂಡ್ ನೈವೇದ್ಯ. ಕಾಗದದ ದುಡ್ಡಾದರೂ ಹೊಟ್ಟೆ ಉರಿಯಿತು.

ಮೊದಲ ದಿನ ಇದನ್ನು ಬರೀ ದುರದೃಷ್ಟ ಅಂದುಕೊಂಡೆ. ಎ ಆಟ ಬಿಟ್ಟಿದ್ದರೆ ನನಗೆ 106 ಪೌಂಡ್ ಲಾಭ ಬರುತ್ತಿತ್ತು. ಒಂದು ಸಲ ಹೋದರೆ ಇನ್ನೊಂದು ಸಲ ಬರುತ್ತದೆ, ಸರಾಸರಿಯಲ್ಲಿ ಸರಿಹೋಗುತ್ತದೆ ಅಂತ ಸಮಾಧಾನ ಮಾಡಿಕೊಂಡೆ. ಬುಧವಾರ ಕರೆಂಟ್ ಹೋಗಿ, ಹೋದ ತಿಂಗಳು ತರಿಸಿದ ಪುಟ್ಟ ಯುಪಿಎಸ್ ನಾಲ್ಕು ನಿಮಿಷಕ್ಕೆ ಪ್ರಾಣ ಬಿಟ್ಟು (ಮಾರಿದವರು ಎರಡು ಗಂಟೆ ಅಂದಿದ್ದರು), ಕತ್ತಲಲ್ಲಿ ಪೆನ್ನು ಹಿಡಿದು ಕೂತಾಗ ವಿಷಯ ಹೊಳೆಯಿತು.

ಬಿಗೆ ತೊಡೆ ನೋವಿದೆ ಅಂತ ಎಲ್ಲರಿಗೂ ಗೊತ್ತಿದೆ ಅಂದುಕೊಳ್ಳಿ. ಇಂಥ ನೂರು ಪಂದ್ಯದಲ್ಲಿ ಆರರಲ್ಲಿ ಅವನು ಮೊದಲ ಸೆಟ್ ಆದ ಮೇಲೆ ಆಟ ಬಿಡುತ್ತಾನೆ. ಉಳಿದ 94ರಲ್ಲಿ ಇಬ್ಬರೂ ಸಮ, 47 ಅವನದ್ದು, 47 ಇವನದ್ದು. ಒಂದನೇ ಬುಕ್ಕಿಗೆ ಆ ಆರು ಪಂದ್ಯ ಲೆಕ್ಕಕ್ಕೇ ಇಲ್ಲ, ಎಲ್ಲ ವಾಯ್ಡ್. ಅವನ ಪಾಲಿಗೆ ಇಬ್ಬರೂ ಸಮ, ಮಾರ್ಜಿನ್ ಬಿಟ್ಟರೆ ಆಡ್ಸ್ 2.00. ಎರಡನೆಯವನಿಗೆ ಆ ಆರೂ ಎ ಗೆದ್ದ ಪಂದ್ಯಗಳು. ಹಾಗಾಗಿ ಎ 53, ಬಿ 47. ಬಿ ಆಡ್ಸ್ ಏರಿ 2.13 ಆಗುತ್ತದೆ.

ಈಗ ನನ್ನ ಸ್ಕ್ರಿಪ್ಟ್ ಏನು ನೋಡುತ್ತದೆ? ಅಲ್ಲಿ ಎ 2.00, ಇಲ್ಲಿ ಬಿ 2.13. ತಲೆಕೆಳಗೆ ಮಾಡಿ ಕೂಡಿಸಿದರೆ 0.97. ಮೂರು ಪರ್ಸೆಂಟ್ ಆರ್ಬ್ ಅಂತ ಗಂಟೆ ಬಾರಿಸುತ್ತದೆ! ಯಾವ ಬುಕ್ಕಿಯೂ ತಪ್ಪು ಮಾಡಿಲ್ಲ, ಯಾರೂ ತಡ ಮಾಡಿಲ್ಲ. ಇಬ್ಬರೂ ಅವರವರ ನಿಯಮಕ್ಕೆ ಸರಿಯಾದ ಬೆಲೆಯನ್ನೇ ಹಾಕಿದ್ದಾರೆ. ನೂರು ಪೌಂಡ್ ಹಂಚಿದರೆ 94 ಸಲ 3.09 ಲಾಭ, ಒಟ್ಟು ಸುಮಾರು 291. ಉಳಿದ ಆರು ಸಲ ಬಿ ಮೇಲಿನ 48.45 ಹೋಗುತ್ತದೆ, ಒಟ್ಟು ಸುಮಾರು 291. ಅಲ್ಲಿಗಲ್ಲಿಗೆ ಸೊನ್ನೆ.

ಅಂದರೆ ಸರಾಸರಿಯಲ್ಲಿ ಸರಿಹೋಗುತ್ತದೆ ಅಂದುಕೊಂಡಿದ್ದೇ ತಪ್ಪು. ಯಾವ ಆಟಗಾರ ಆಟ ಬಿಟ್ಟರೆ ನನಗೆ ನಷ್ಟವೋ ಅವನು ಬಿಡುವ ಸಾಧ್ಯತೆಯೇ ಆ ಸಂದನ್ನು ಹುಟ್ಟಿಸಿದ್ದು. ನಾನು ಆರ್ಬ್ ಹಿಡಿಯುತ್ತಿರಲಿಲ್ಲ. ಬಿ ತೊಡೆಗೆ ಇನ್ಶೂರೆನ್ಸ್ ಮಾರುತ್ತಿದ್ದೆ, ಅದೂ ನನಗೇ ಗೊತ್ತಿಲ್ಲದೆ.

ಪರಿಹಾರ ಎರಡೇ ಸಾಲು. ಪ್ರತಿ ಬುಕ್ಕಿಗೂ ನಿಯಮದ ಒಂದು ಕಾಲಂ ಸೇರಿಸಿದೆ. ಇನ್ನೂ ನಿಯಮ ಓದದ ಬುಕ್ಕಿಯದ್ದು ಖಾಲಿ, ಅವನ ಆಡ್ಸ್ ಸದ್ಯಕ್ಕೆ ಲೆಕ್ಕಕ್ಕಿಲ್ಲ.

```python
if not rule.get(b1) or rule.get(b1) != rule.get(b2):
    continue
```

ಇಬ್ಬರದ್ದೂ ವಾಯ್ಡ್ ನಿಯಮ ಆದರೆ ಎರಡು ಸ್ಟೇಕೂ ವಾಪಸ್, ಲಾಭ ಇಲ್ಲ, ನಷ್ಟವೂ ಇಲ್ಲ. ಇಬ್ಬರದ್ದೂ ಒಂದು ಸೆಟ್ ನಿಯಮ ಆದರೆ ಆರ್ಬ್ ನಿಜವಾಗಿಯೂ ಆರ್ಬ್. ಹಳೆಯ ಲಾಗ್ ಮೇಲೆ ಇದನ್ನು ಓಡಿಸಿದೆ. ಟೆನಿಸ್‌ನ 41 ಹಸಿರು ಸಾಲುಗಳಲ್ಲಿ 12 ಉಳಿದವು. ದೊಡ್ಡ ಪರ್ಸೆಂಟ್ ಇದ್ದವೆಲ್ಲ ಹೋದವು. ಉಳಿದದ್ದು ಒಂದು ಪರ್ಸೆಂಟ್ ಆಸುಪಾಸಿನ ಚಿಲ್ಲರೆ. ಅದರಲ್ಲೂ ಎಷ್ಟು ನಿಜವೋ, ಏಕೆಂದರೆ ನನಗೆ ಆಡ್ಸ್ ಫೀಡ್ ಮಾರುವವರ ಅಗ್ಗದ ಪ್ಲಾನ್‌ನಲ್ಲಿ ಎಲ್ಲವೂ ತಡವಾಗಿಯೇ ಬರುತ್ತದೆ. ಕೇಳಿದರೆ ದುಬಾರಿ ಪ್ಲಾನ್ ತಗೊಳ್ಳಿ ಅನ್ನುತ್ತಾರೆ. ನಿನ್ನೆಯ ಹಾಲು ಮಾರಿ, ತಾಜಾ ಬೇಕಾದರೆ ಹಸು ಕೊಂಡುಕೊಳ್ಳಿ ಅಂದ ಹಾಗೆ.

ಈಗ ತಮ್ಮನ ಕಥೆ. ಆರು ವಾರ ಚೆನ್ನಾಗಿ ನಡೆಯಿತು. ಹೋದ ಭಾನುವಾರ ಫೋನ್ ಮಾಡಿದ.

"ಅಣ್ಣಾ, ಒಂದು ಕಡೆ 100 ಹಾಕಿಬಿಟ್ಟೆ. ಇನ್ನೊಂದು ಕಡೆ 98 ಹಾಕೋಕೆ ಹೋದ್ರೆ ಮ್ಯಾಕ್ಸಿಮಮ್ 2.37 ಅಂತಾನೆ!"

"ಎರಡು ಸಾವಿರನಾ?"

"ಎರಡು ಪೌಂಡ್ ಮೂವತ್ತೇಳು ಪೆನ್ಸ್ ಕಣಣ್ಣಾ."

ಮಾರುಕಟ್ಟೆಗಿಂತ ಒಳ್ಳೆಯ ಆಡ್ಸ್ ಇದ್ದಾಗ ಮಾತ್ರ ಬಂದು, 98.80 ಅಂತ ಪೆನ್ಸ್ ಲೆಕ್ಕದಲ್ಲಿ ಸ್ಟೇಕ್ ಹಾಕುವವನನ್ನು ಬುಕ್ಕಿ ಗುರುತು ಹಿಡಿಯದೆ ಇರುತ್ತಾನಾ? ಹೆಚ್ಚಾಗಿ ಅಕೌಂಟ್ ಮುಚ್ಚುವುದಿಲ್ಲ, ಸ್ಟೇಕ್ ಇಳಿಸುತ್ತಾನೆ. ಇಳಿಸಿದ್ದು ಗೊತ್ತಾಗುವುದು ಎರಡನೇ ಲೆಗ್ ಹಾಕುವಾಗ, ಮೊದಲನೆಯದು ವಾಪಸ್ ತೆಗೆಯಲಾಗದ ಹೊತ್ತಲ್ಲಿ. ತಮ್ಮ ನೂರು ಪೌಂಡನ್ನು ಒಂದೇ ಕಡೆ ಬಿಟ್ಟು ಪಂದ್ಯ ನೋಡಿದ. ಗೆದ್ದ, ಅದು ಬೇರೆ ಮಾತು. ಲಿಮಿಟ್ ಮಾಡಬಹುದಾದ ಜಿಪುಣ ಬುಕ್ಕಿಯ ಲೆಗ್ ಮೊದಲು ಹಾಕಬೇಕು ಅಂತ ನಾನೇ ಹೇಳಿದ್ದೆ. ಅವನು ಕೇಳಲಿಲ್ಲ. ಸ್ಕ್ರಿಪ್ಟ್‌ನಲ್ಲಿ ಈಗ ಆ ಕ್ರಮವನ್ನೂ ತೋರಿಸುತ್ತಿದ್ದೇನೆ.

ಇದೇ ಕೋಡ್ ಇಟ್ಟುಕೊಂಡು ಮುಂದೆ ಕೊಬ್ಬರಿ ದರಕ್ಕೆ ಕೈ ಹಾಕುವ ಯೋಚನೆ ಇದೆ. ಅರಸೀಕೆರೆ ಮಾರುಕಟ್ಟೆಯ ದರ ಒಂದು ಕಾಲಂ, ತಿಪಟೂರಿನದ್ದು ಇನ್ನೊಂದು, ನಡುವೆ ಲಾರಿ ಬಾಡಿಗೆ ಮತ್ತು ಹಮಾಲಿ. ಅಲ್ಲಿ ಯಾರೂ ಅರ್ಧಕ್ಕೆ ಆಟ ಬಿಡುವುದಿಲ್ಲ. ಆದರೆ ಗ್ರೇಡ್ ಇದೆ. ಇಲ್ಲಿ ಒಳ್ಳೇ ಮಾಲು ಅನ್ನಿಸಿಕೊಂಡದ್ದನ್ನು ಅಲ್ಲಿ ಮಗುಚಿ ನೋಡಿ ಮೂತಿ ತಿರುವಬಹುದು. ಅಂದರೆ ಮತ್ತೆ ಅದೇ ನಿಯಮದ ಕಾಲಂ.

ಈ ವಾರ ಉಳಿದ ಇಬ್ಬರು ಬುಕ್ಕಿಗಳ ನಿಯಮ ಓದಿ ಮುಗಿಸಬೇಕು. ಒಬ್ಬನ ಪುಟದಲ್ಲಿ ಟೆನಿಸ್ ಹುಡುಕುವುದೇ ಒಂದು ಕೆಲಸ. ಡಾರ್ಟ್ಸ್, ಸ್ನೂಕರ್ ಎಲ್ಲ ದಾಟಿ ಹೋಗಬೇಕು, ಕೊನೆಗೆ ಸಿಕ್ಕ ಸಾಲಿನಲ್ಲಿ 'ಮೇಲಿನ ನಿಯಮವೇ ಅನ್ವಯ' ಅಂತಿದೆ. ಮೇಲಿನದ್ದು ಅಂದರೆ ಯಾವುದು ಅಂತ ಇನ್ನೂ ಹುಡುಕುತ್ತಿದ್ದೇನೆ.