ಹೊಳೆ ದಾಟಿದ ಮೇಲೆ ಮೊದಲ ಟೋಲ್

23 ನವೆಂಬರ್ 2024, ಶನಿವಾರ
ಬ್ಯಾಡಗಿ

ಬೆಳಗಿನ ಜಾವ ನಾಲ್ಕಕ್ಕೆ ಅಕ್ಕನ ಮನೆ ಸೇರಿದೆ. ಇಲ್ಲಿ ಸರಿಯಾಗಿ ಇಳಿಯೋದು ಹೇಗೆ ಅಂತ ಈ ಸಲ ಉದ್ದಕ್ಕೂ ಗಮನ ಇಟ್ಟು ಬಂದಿದ್ದೇನೆ. ಮುಂದಿನ ಶುಕ್ರವಾರ ಅಮ್ಮ ಒಬ್ಬಳೇ ಬೆಂಗಳೂರಿನಿಂದ ಇದೇ ದಾರಿಯಲ್ಲಿ ಬರಬೇಕು. ಅವಳ ಹತ್ತಿರ ಇರೋದು ಬಟನ್ ಫೋನ್.

ನಾವು ಇಳಿಯಬೇಕಾದದ್ದು ಮೋಟೆಬೆನ್ನೂರು ಕ್ರಾಸ್‌ನಲ್ಲಿ. ಹುಬ್ಬಳ್ಳಿ, ಬೆಳಗಾವಿ ಕಡೆ ಹೋಗುವ ಸ್ಲೀಪರ್ ಬಸ್ಸುಗಳು ಬ್ಯಾಡಗಿ ಊರೊಳಗೆ ಬರುವುದಿಲ್ಲ, ಹೆದ್ದಾರಿಯಲ್ಲೇ ನೇರ ಹೋಗುತ್ತವೆ. ರಾಣೆಬೆನ್ನೂರು ದಾಟಿ ಸುಮಾರು 20 ಕಿ.ಮೀ. ಆದ ಮೇಲೆ ಎಡಕ್ಕೆ ಬ್ಯಾಡಗಿ ರಸ್ತೆ ಸಿಗುತ್ತದೆ. ನಾನು ಟಿಕೆಟ್ ಮಾಡಿದ ಬಸ್ಸಿನ ಪಟ್ಟಿಯಲ್ಲಿ ಈ ಕ್ರಾಸ್ ಇರಲಿಲ್ಲ. ಹಾಗಾಗಿ ಹಾವೇರಿಗೆ ಟಿಕೆಟ್ ಮಾಡಿ, ಹತ್ತುವಾಗ ಬಾಯಲ್ಲಿ ಹೇಳಬೇಕು. ತೊಂದರೆ ಶುರುವಾಗೋದು ಇಲ್ಲೇ. ಬಸ್ಸಿನವರ ಚಾರ್ಟ್‌ನಲ್ಲಿ ನನ್ನ ಹೆಸರಿನ ಮುಂದೆ ಹಾವೇರಿ ಅಂತಲೇ ಇರುತ್ತದೆ. ನಾನು ಮಧ್ಯದಲ್ಲಿ ಇಳಿಯುತ್ತೇನೆ ಅನ್ನೋದು ಯಾರಿಗೆ ಹೇಳಿದ್ದೇನೋ ಅವರ ತಲೆಯಲ್ಲಿ ಮಾತ್ರ.

ಎರಡು ವರ್ಷದ ಹಿಂದೆ ಹೀಗೇ ಆಗಿತ್ತು. ಹತ್ತುವಾಗ ಡ್ರೈವರ್‌ಗೆ ಹೇಳಿದ್ದೆ. "ಎಬ್ಬಿಸ್ತೀನಿ, ಮಲಗಿ" ಅಂದಿದ್ದರು. ನಿಶ್ಚಿಂತೆಯಿಂದ ಮಲಗಿದೆ. ಎಚ್ಚರವಾದಾಗ ಬಸ್ಸು ಬಂಕಾಪುರದ ಟೋಲ್‌ನಲ್ಲಿ ನಿಂತಿತ್ತು. ಹಾವೇರಿಯೂ ಹಿಂದೆ ಹೋಗಿತ್ತು. ಆಮೇಲೆ ಗೊತ್ತಾಯಿತು, ರಾತ್ರಿ ಊಟಕ್ಕೆ ನಿಲ್ಲಿಸಿದಾಗ ಡ್ರೈವರ್ ಬದಲಾಗಿದ್ದರು. ಮಾತು ಕೊಟ್ಟವರು ಹಿಂದೆ ಮಲಗಿದ್ದರು. ಗಾಡಿ ಓಡಿಸುತ್ತಿದ್ದವರಿಗೆ ನಾನು ಯಾರು ಅಂತಲೇ ಗೊತ್ತಿರಲಿಲ್ಲ. ಭಾವ ಮೋಟೆಬೆನ್ನೂರಿನ ಚಳಿಯಲ್ಲಿ ಬೈಕ್ ಹಿಡಿದು ನಿಂತಿದ್ದರು. ಅದನ್ನು ನೆನೆಸಿಕೊಂಡರೆ ಇವತ್ತಿಗೂ ಬೇಜಾರಾಗುತ್ತದೆ.

ಅದಕ್ಕೇ ನಿನ್ನೆ ಹತ್ತುವಾಗ ಕೇಳಿದ ಮೊದಲ ಮಾತು, "ಹಾವೇರಿ ಹತ್ತಿರ ಗಾಡಿ ಯಾರು ಓಡಿಸ್ತಾರೆ?" ಎರಡನೇ ಡ್ರೈವರ್ ಅಂದರು. ಹಿರಿಯೂರಿನ ಹತ್ತಿರ ಊಟಕ್ಕೆ ನಿಲ್ಲಿಸಿದಾಗ ನಾನೂ ಕೆಳಗಿಳಿದೆ. ಚಹಾ ಕುಡಿಯುತ್ತ ನಿಂತಿದ್ದ ಎರಡನೇ ಡ್ರೈವರ್ ಹತ್ತಿರ ಹೋಗಿ ಹೇಳಿದೆ. ಹುಬ್ಬಳ್ಳಿ ಕಡೆಯವರು. "ಮೋಟೆಬೆನ್ನೂರ್ ಕ್ರಾಸ್ ಏನ್ರಿ? ನಿಲ್ಲಸ್ತೇನ್ರಿ. ಆದ್ರ ನೀವು ರಾಣೆಬೆನ್ನೂರ್ ದಾಟಿದ ಕೂಡ್ಲೆ ಮುಂದ ಬಂದು ಕೂಡ್ರಿ. ಎಬ್ಬಿಸಾಕ ನಾ ಸ್ಟೇರಿಂಗ್ ಬಿಟ್ಟು ಬರಾಕ ಆಗೂದಿಲ್ಲ ನೋಡ್ರಿ" ಅಂದರು. ಎಷ್ಟು ಸರಿಯಾದ ಮಾತು! ಆ ಬಸ್ಸಿನಲ್ಲಿ ಕ್ಲೀನರ್ ಇರಲಿಲ್ಲ. ಡ್ರೈವರ್ ಕ್ಯಾಬಿನ್‌ಗೂ ಮಲಗುವ ಜಾಗಕ್ಕೂ ನಡುವೆ ಬಾಗಿಲು ಬೇರೆ. ಎಬ್ಬಿಸುವವರು ಯಾರೂ ಇಲ್ಲ ಅಂತ ಲೆಕ್ಕ ಹಾಕಿಕೊಳ್ಳೋದೇ ಒಳ್ಳೆಯದು.

ಬಸ್ಸು ಮತ್ತೆ ಹೊರಟಾಗ 1:15. ಟಿಕೆಟ್‌ನಲ್ಲಿ ಹಾವೇರಿಗೆ 4:30 ಅಂತ ಇತ್ತು. ಅದನ್ನು ನಂಬಿ ನಾಲ್ಕಕ್ಕೆ ಅಲಾರಾಂ ಇಟ್ಟಿದ್ದರೆ ಕೆಟ್ಟೆ ಅಂತಲೇ ಲೆಕ್ಕ. ಹಿರಿಯೂರಿನಿಂದ ಮೋಟೆಬೆನ್ನೂರಿಗೆ ಸುಮಾರು 160 ಕಿ.ಮೀ. ರಾತ್ರಿ ರಸ್ತೆ ಖಾಲಿ, ಗಂಟೆಗೆ 65 ಕಿ.ಮೀ. ಅಂದರೂ ಎರಡೂವರೆ ಗಂಟೆ ಸಾಕು. ಅಂದರೆ 3:45ರ ಸುಮಾರಿಗೇ ಕ್ರಾಸ್ ಬಂದುಬಿಡುತ್ತದೆ. ಅಲಾರಾಂ 2:50ಕ್ಕೆ ಇಟ್ಟೆ. ಮನೆಯಲ್ಲಿ ಕೂತು ಟಿಕೆಟ್ ನೋಡಿ ಇಟ್ಟ ಅಲಾರಾಂಗಿಂತ, ಊಟದ ಜಾಗದಿಂದ ಹೊರಟ ಸಮಯ ನೋಡಿ ಇಟ್ಟದ್ದು ಜಾಸ್ತಿ ಸರಿಯಾಗಿರುತ್ತದೆ. ಅರ್ಧ ದಾರಿಯ ಟ್ರಾಫಿಕ್ಕು, ತಡ ಎಲ್ಲ ಅಷ್ಟೊತ್ತಿಗೆ ಕಳೆದಿರುತ್ತದಲ್ವಾ.

ಎದ್ದಾಗ ಫೋನಿನ ಮ್ಯಾಪ್‌ನಲ್ಲಿ ನೀಲಿ ಚುಕ್ಕೆ ದಾವಣಗೆರೆ ಆಚೆ ಇತ್ತು. ಈ ಭಾಗದ ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಂಡಿದ್ದೆ. ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ, ಆದರೆ ಫೋನನ್ನು ಕಿಟಕಿ ಗಾಜಿಗೆ ಹಿಡಿಯಬೇಕು. ಬರ್ತ್‌ನ ಮಧ್ಯದಲ್ಲಿ ಹಿಡಿದರೆ ಚುಕ್ಕೆ ಒಂದೇ ಕಡೆ ನಿಂತು, ಆಮೇಲೆ ಒಮ್ಮೆಲೇ ಎರಡು ಮೂರು ಕಿ.ಮೀ. ಹಾರುತ್ತದೆ. ನಿನ್ನೆಯೂ ಹಾಗೇ ಒಂದು ಸಲ ಆಯಿತು. ಬಸ್ಸು ನಿಮಿಷಕ್ಕೆ ಒಂದು ಕಿ.ಮೀ.ಗಿಂತ ಹೆಚ್ಚು ಓಡುವಾಗ ಅಷ್ಟೇ ಸಾಕು ಊರು ತಪ್ಪಿ ಹೋಗಲಿಕ್ಕೆ.

ಮ್ಯಾಪ್ ನನಗಾಯಿತು. ಅಮ್ಮನಿಗೆ? ಫೋನ್ ಕೆಳಗಿಟ್ಟು, ಪರದೆ ಸ್ವಲ್ಪ ಸರಿಸಿ, ಬರೀ ಕಣ್ಣು ಕಿವಿಯಿಂದ ಏನು ತಿಳಿಯುತ್ತದೆ ಅಂತ ನೋಡಿದೆ.

ಹರಿಹರದ ಹತ್ತಿರ ತುಂಗಭದ್ರೆಯ ಸೇತುವೆ ಬಂತು. ಕತ್ತಲಲ್ಲಿ ನೀರು ಕಾಣಲಿಲ್ಲ. ಆದರೆ ಚಕ್ರದ ಸದ್ದು ಬದಲಾಯಿತು. ಸೇತುವೆಯ ಜೋಡಣೆ ಇರುವಲ್ಲೆಲ್ಲ 'ಟಕ್, ಟಕ್' ಅಂತ ಒಂದೇ ಅಂತರದಲ್ಲಿ ಬಡಿತ. ಮಲಗಿದ್ದರೆ ಅದು ಬೆನ್ನಿಗೇ ಗೊತ್ತಾಗುತ್ತದೆ. ಪಕ್ಕದಲ್ಲಿ ಮರ, ಅಂಗಡಿ, ದೀಪ ಏನೂ ಇಲ್ಲ, ಉದ್ದಕ್ಕೂ ಕಪ್ಪು. ಚಿಕ್ಕ ಪುಟ್ಟ ಫ್ಲೈಓವರ್‌ಗಳಲ್ಲೂ ಬಡಿತ ಇರುತ್ತದೆ, ಆದರೆ ಅವು ಬೇಗ ಮುಗಿಯುತ್ತವೆ, ಪಕ್ಕದಲ್ಲಿ ಊರಿನ ದೀಪ ಕಾಣುತ್ತವೆ. ಇದು ಉದ್ದ.

ಹೊಳೆ ದಾಟಿ ಸ್ವಲ್ಪ ಹೊತ್ತಿಗೆ ಬಸ್ಸು ನಿಧಾನ ಆಯಿತು. ರಸ್ತೆಯ ಪಟ್ಟಿಗಳ ಮೇಲೆ 'ಗಡಗಡ' ನಡುಗಿತು. ಪರದೆಯ ಸಂದಿಯಿಂದ ಬಿಳಿ ಬೆಳಕು ಒಳಗೆ ಸುರಿಯಿತು. ಚಳಗೇರಿ ಟೋಲ್. ಗಂಟೆ 3:15. ಇಲ್ಲಿಂದ ಮೋಟೆಬೆನ್ನೂರಿಗೆ ಹೆಚ್ಚೂಕಡಿಮೆ ಅರ್ಧ ಗಂಟೆ. ಎದ್ದು ಕೂತು ಹೊದಿಕೆ ಮಡಿಸಿ, ಚಪ್ಪಲಿ ಹುಡುಕಿ, ಚೀಲ ಹೆಗಲಿಗೆ ಹಾಕಲು ಇದಕ್ಕಿಂತ ಒಳ್ಳೆ ಸಮಯ ಇಲ್ಲ. ಭಾವನಿಗೆ ಫೋನ್ ಮಾಡಿದ್ದೂ ಆಗಲೇ. ಅವರು ಮನೆಯಿಂದ ಕ್ರಾಸ್‌ಗೆ ಬರಲು ಕಾಲು ಗಂಟೆ ಸಾಕು. ಸುಮ್ನೆ ಚಳಿಯಲ್ಲಿ ಕಾಯೋದು ತಪ್ಪಿತು.

ಚೀಲವನ್ನು ಡಿಕ್ಕಿಗೆ ಹಾಕಿರಲಿಲ್ಲ, ಕಾಲ ಹತ್ತಿರವೇ ಇಟ್ಟುಕೊಂಡಿದ್ದೆ. ರಾಣೆಬೆನ್ನೂರಿನ ದೀಪಗಳು ಹಿಂದೆ ಸರಿದ ಮೇಲೆ ಕ್ಯಾಬಿನ್ ಬಾಗಿಲು ತಟ್ಟಿ ಮುಂದೆ ಹೋಗಿ ಕೂತೆ. ಡ್ರೈವರ್ ತಲೆ ಆಡಿಸಿದರು. ಇದು ಕೊನೇ ಗಳಿಗೆಗೆ ಬಿಡುವ ಕೆಲಸ ಅಲ್ಲ. ಅಷ್ಟು ವೇಗದಲ್ಲಿ ಬರುವ ಬಸ್ಸು ಹಿಂದಿನ ಲಾರಿ ನೋಡಿಕೊಂಡು ಎಡಕ್ಕೆ ಬರಬೇಕು, ಆಮೇಲೆ ನಿಲ್ಲಬೇಕು. ಕ್ರಾಸ್ ಕಣ್ಣಿಗೆ ಬಿದ್ದ ಮೇಲೆ ಕೂಗಿದರೆ ಬಸ್ಸು ಮುಂದೆ ಹೋಗಿ ನಿಲ್ಲುತ್ತದೆ. ಕತ್ತಲಲ್ಲಿ ಹೆದ್ದಾರಿ ಪಕ್ಕ ಹಿಂದಕ್ಕೆ ನಡೆಯಬೇಕಾಗುತ್ತದೆ. ಅಮ್ಮನಿಗೆ ಅದು ಬೇಡವೇ ಬೇಡ.

3:42ಕ್ಕೆ ಇಳಿದೆ. ಭಾವ ಮಫ್ಲರ್ ಸುತ್ತಿಕೊಂಡು ಅಲ್ಲೇ ನಿಂತಿದ್ದರು.

ಮಧ್ಯಾಹ್ನ ಊಟ ಆದ ಮೇಲೆ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಅಷ್ಟು ಹೆಸರು ನನಗೆ ನೆನಪಿರಲ್ಲ ಕಣೋ" ಅಂದಳು.

"ಹೆಸರು ಬೇಡಮ್ಮ. ಊಟದ ಹತ್ರ ಹೊಸ ಡ್ರೈವರ್‌ಗೆ ಹೇಳು. ಆಮೇಲೆ ಉದ್ದ ಸೇತುವೆ ಬರುತ್ತೆ. ಹೊಳೆ ದಾಟಿದ ಮೇಲೆ ಮೊದಲ ಟೋಲ್ ಬಂದಾಗ ಎದ್ದು ಭಾವಂಗೆ ಫೋನ್ ಮಾಡು. ಮುಂದಿನ ಊರಿನ ದೀಪ ಹೋದ ಮೇಲೆ ಮುಂದೆ ಹೋಗಿ ಕೂತ್ಕೋ."

"ತಪ್ಪಿ ಹೋದ್ರೆ?"

"ಹಾವೇರಿ ತನಕ ಟಿಕೆಟ್ ಇದ್ದೇ ಇರುತ್ತೆ. ಅಲ್ಲೇ ಇಳಿ, ಜನ ಇರೋ ಕಡೆ ಕೂತಿರು, ಭಾವ ಬರ್ತಾರೆ. ನಡುವೆ ಎಲ್ಲೂ ಇಳೀಬೇಡ. ಎರಡನೇ ಟೋಲ್ ಬಂತು ಅಂದ್ರೆ ಹಾವೇರಿನೂ ದಾಟಿದೆ ಅಂತ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬರೆದುಕೊಳ್ಳುತ್ತಿದ್ದಳು ಅಂತ ಕಾಣುತ್ತದೆ. ಆಮೇಲೆ ನಿಧಾನವಾಗಿ ಓದಿ ಹೇಳಿದಳು: "ಊಟ, ಹೊಸ ಡ್ರೈವರು. ಹೊಳೆ. ಟೋಲು, ಫೋನು. ಊರು, ಮುಂದೆ ಕೂರೋದು." ಒಂದೂ ತಪ್ಪಿರಲಿಲ್ಲ. ಅಲಾರಾಂ ಇಡೋಕೆ ಹಿರಿಯೂರಿನಿಂದ ಬಸ್ಸು ಹೊರಟ ಕೂಡಲೇ ನನಗೊಂದು ಮಿಸ್ ಕಾಲ್ ಕೊಡು ಅಂದಿದ್ದೇನೆ. ಆ ಮಿಸ್ ಕಾಲ್ ಬಂದು ಒಂದೂವರೆ ಗಂಟೆ ಕಳೆದ ಮೇಲೆ ನಾನೇ ಅವಳಿಗೆ ಫೋನ್ ಮಾಡುತ್ತೇನೆ.