ಬುಧವಾರ ರಾತ್ರಿಯ ಬೆಳಗಿನ ಜಾವ

ಬುಧವಾರ, ಇನ್ನೂ ಬೆಳಕು ಹರಿದಿರಲಿಲ್ಲ. ಗೃಹಪ್ರವೇಶದ ಆಮಂತ್ರಣ ಮಾಡಿಸಿಕೊಂಡಿದ್ದ ಹಿರಿಯರ ಕರೆ ಬಂತು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಗಾಬರಿಯಿತ್ತು. "ನೋಡಮ್ಮ, ಮಗನ ಆಫೀಸಿನ ಸ್ನೇಹಿತರೊಬ್ಬರು ಹೆಂಡತಿ, ಮಗುವನ್ನು ಕರೆದುಕೊಂಡು ರಾತ್ರಿ ಬಸ್ಸಿಗೆ ಬಂದು ಹೊಸ ಮನೆಯ ಗೇಟಿನ ಮುಂದೆ ನಿಂತಿದ್ದಾರಂತೆ. ಬೀಗ ಹಾಕಿದೆ. ಪ್ರವೇಶ ಇರುವುದು ನಾಳೆ ಅಲ್ಲವೇ? ಕಾರ್ಡಿನಲ್ಲಿ ಏನು ಹಾಕಿದ್ದೀರಿ?"

ಕಾರ್ಡಿನಲ್ಲಿ ಏನು ಹಾಕಿದ್ದೆ ಎಂಬುದು ನನಗೆ ಬಾಯಿಪಾಠವಾಗಿತ್ತು. ಮುದ್ರಣಾಲಯದಲ್ಲಿ ಅಕ್ಷರ ಜೋಡಣೆಯ ಕೆಲಸ ನನ್ನದು. ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್ ಇರುವ ಆಮಂತ್ರಣಗಳು ನಮ್ಮಲ್ಲಿ ಹೆಚ್ಚು. ಕನ್ನಡದ ಬದಿಯಲ್ಲಿ "ಫೆಬ್ರವರಿ 21, ಬುಧವಾರ ರಾತ್ರಿ, ಬೆಳಗಿನ ಜಾವ 4.50ರಿಂದ 5.30ರೊಳಗೆ ಸಲ್ಲುವ ಮಕರ ಲಗ್ನದಲ್ಲಿ" ಎಂದಿತ್ತು. ಪುರೋಹಿತರು ಕೊಟ್ಟ ಚೀಟಿಯಲ್ಲಿ ಇದ್ದದ್ದೂ ಹಾಗೆಯೇ. ಇಂಗ್ಲಿಷ್ ಬದಿಯಲ್ಲಿ ನಾನು ಅದನ್ನೇ ಬದಲಿಸಿ, ಬುಧವಾರ, 21 ಫೆಬ್ರವರಿ, 4.50 ಎ.ಎಂ. ಎಂದು ಹಾಕಿದ್ದೆ. ಎರಡೂ ಬದಿಯನ್ನು ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡಿದ್ದೆ. ತಾರೀಖು ಅದೇ, ವಾರ ಅದೇ, ಗಂಟೆ ಅದೇ. ಮೂರೂ ಸರಿಹೊಂದಿದ್ದವು. ಆದರೂ ಎರಡು ಬದಿಗಳ ನಡುವೆ ಇಪ್ಪತ್ತನಾಲ್ಕು ಗಂಟೆಯ ವ್ಯತ್ಯಾಸವಿತ್ತು.

ಪಂಚಾಂಗದಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ. ಬುಧವಾರ ಸೂರ್ಯ ಹುಟ್ಟಿದಾಗ ಆರಂಭವಾದ ಬುಧವಾರ, ಮರುದಿನ ಸೂರ್ಯ ಹುಟ್ಟುವವರೆಗೂ ಬುಧವಾರವೇ. ಹಾಗಾಗಿ ಗಡಿಯಾರದ ಲೆಕ್ಕದಲ್ಲಿ ಗುರುವಾರವಾಗಿರುವ 4.50ರ ಹೊತ್ತು ಪುರೋಹಿತರ ಪಾಲಿಗೆ ಬುಧವಾರದ ರಾತ್ರಿಯ ಕೊನೆಯ ಭಾಗ. ಊರಿನ ಹಿರಿಯರು "ಬುಧವಾರ ರಾತ್ರಿ, ಬೆಳಗಿನ ಜಾವ" ಎಂದು ಓದಿದ ಕೂಡಲೇ ಬುಧವಾರ ಊಟ ಮಾಡಿ, ಒಂದು ನಿದ್ದೆ ತೆಗೆದು, ಎದ್ದು ಹೊರಡಬೇಕು ಎಂದು ತಿಳಿದುಕೊಳ್ಳುತ್ತಾರೆ. ಅಲ್ಲಿ "ರಾತ್ರಿ" ಎಂಬ ಒಂದು ಮಾತೇ ಎಲ್ಲವನ್ನೂ ಹೇಳುತ್ತದೆ. ಇಂಗ್ಲಿಷ್ ಲೆಕ್ಕದಲ್ಲಿ ದಿನ ಬದಲಾಗುವುದು ನಡುರಾತ್ರಿ ಹನ್ನೆರಡಕ್ಕೆ. ಬುಧವಾರ 4.50 ಎ.ಎಂ. ಎಂದರೆ ಮಂಗಳವಾರ ರಾತ್ರಿ ಮಲಗಿ ಏಳುವ ಹೊತ್ತು. ನಾನು "ರಾತ್ರಿ"ಯನ್ನು ಕೈಬಿಟ್ಟು "ಬೆಳಗಿನ ಜಾವ"ವನ್ನು ಮಾತ್ರ ಎ.ಎಂ. ಮಾಡಿದ್ದೆ. ತಪ್ಪಾದದ್ದು ಅಲ್ಲೇ.

ಆ ದಿನ ನಾನೇ ಕುಳಿತು ಇಂಗ್ಲಿಷ್ ಬದಿ ಓದಿ ಬರುವವರ ಪಟ್ಟಿಯನ್ನು ಮನೆಯವರಿಂದ ತರಿಸಿಕೊಂಡೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಎಲ್ಲರಿಗೂ ಫೋನ್ ಹೋಗಿತ್ತು. ಗೇಟಿನ ಮುಂದೆ ನಿಂತಿದ್ದವರನ್ನು ಹಿರಿಯರು ಹಳೆಯ ಮನೆಗೆ ಕರೆದುಕೊಂಡು ಹೋಗಿ ಒಂದು ದಿನ ಉಳಿಸಿಕೊಂಡರು. ಆ ಮಗು ಕತ್ತಲಲ್ಲಿ ಗೇಟಿಗೆ ಒರಗಿ ನಿದ್ದೆಹೋಗಿತ್ತು ಎಂದು ಆಮೇಲೆ ಕೇಳಿದೆ. ಅದು ಈಗಲೂ ಮನಸ್ಸಿನಿಂದ ಹೋಗಿಲ್ಲ.

ಅಲ್ಲಿಂದ ಮುಂದೆ ಕೆಲಸದ ಕ್ರಮವನ್ನೇ ಬದಲಿಸಿದೆ. ಮೊದಲು ಕನ್ನಡ ಜೋಡಿಸಿ, ಅದನ್ನು ನೋಡಿಕೊಂಡು ಇಂಗ್ಲಿಷ್ ಜೋಡಿಸುತ್ತಿದ್ದೆ. ಈಗ ಎರಡನ್ನೂ ಮುಟ್ಟುವ ಮೊದಲು ಒಂದು ಖಾಲಿ ಹಾಳೆಯಲ್ಲಿ ಸಂಗತಿಗಳನ್ನು ಬರೆಯುತ್ತೇನೆ. ಅಲಂಕಾರದ ಮಾತಿಲ್ಲದೆ, ನೆರೆಮನೆಯವರಿಗೆ ಹೇಳುವ ಹಾಗೆ: ಕರೆಯುವವರು ಯಾರು, ಕಾರ್ಯ ಯಾರದು, ಗೋಡೆಯ ಕ್ಯಾಲೆಂಡರಿನ ತಾರೀಖು ಯಾವುದು, ಎಷ್ಟು ಹೊತ್ತಿಗೆ, ಎಲ್ಲಿ, ಊಟ ಯಾವಾಗ. ಕನ್ನಡವೂ ಇಂಗ್ಲಿಷೂ ಆ ಹಾಳೆಯಿಂದ ಹುಟ್ಟಬೇಕು, ಒಂದರಿಂದ ಇನ್ನೊಂದು ಹುಟ್ಟಬಾರದು. ಒಂದನ್ನು ನೋಡಿ ಇನ್ನೊಂದನ್ನು ಮಾಡಿದರೆ ಮೊದಲನೆಯದರಲ್ಲಿ ಸೂಚ್ಯವಾಗಿ ಉಳಿದದ್ದು ಎರಡನೆಯದರಲ್ಲಿ ಕಳೆದುಹೋಗುತ್ತದೆ.

ಸೂರ್ಯೋದಯಕ್ಕೆ ಮುಂಚಿನ ಮುಹೂರ್ತ ಬಂದರೆ ಪುರೋಹಿತರಿಗೇ ಫೋನ್ ಮಾಡುತ್ತೇನೆ. "ಯಾವ ವಾರ?" ಎಂದು ಕೇಳುವುದಿಲ್ಲ, ಕೇಳಿದರೆ ಮತ್ತೆ ಪಂಚಾಂಗದ ವಾರವನ್ನೇ ಹೇಳುತ್ತಾರೆ. "ಶಾಸ್ತ್ರಿಗಳೇ, ಯಾವ ವಾರ ರಾತ್ರಿ ಊಟ ಮಾಡಿ ಮಲಗಿ ಏಳಬೇಕು? ಎದ್ದಾಗ ಮೊಬೈಲಿನಲ್ಲಿ ಯಾವ ತಾರೀಖು ಇರುತ್ತದೆ?" ಎಂದು ಕೇಳುತ್ತೇನೆ. ಈ ಎರಡು ಪ್ರಶ್ನೆಗೆ ಬರುವ ಉತ್ತರದಲ್ಲಿ ಗೊಂದಲಕ್ಕೆ ಜಾಗವಿಲ್ಲ. ಮೇಲಿನ ಕಾರ್ಡನ್ನು ಈಗ ಮಾಡುವುದಾದರೆ ಎರಡೂ ಬದಿಯಲ್ಲಿ ತಾರೀಖು 22 ಆಗುತ್ತದೆ. ಕನ್ನಡದಲ್ಲಿ "ಫೆಬ್ರವರಿ 22, ಗುರುವಾರ ಬೆಳಗಿನ ಜಾವ 4.50ರಿಂದ 5.30ರೊಳಗೆ, ಅಂದರೆ ಬುಧವಾರ ರಾತ್ರಿ ಕಳೆದ ಮೇಲೆ" ಎಂದು ಬರೆಯುತ್ತೇನೆ. ಇಂಗ್ಲಿಷಿನಲ್ಲಿಯೂ ಗುರುವಾರ, 22, 4.50 ಎ.ಎಂ. ಎಂದು ಹಾಕಿ, ಬುಧವಾರ ರಾತ್ರಿಯ ನಂತರದ ಮುಂಜಾವು ಎಂಬ ಅರ್ಥದ ನಾಲ್ಕು ಪದಗಳನ್ನು ಸೇರಿಸುತ್ತೇನೆ. ಸಾಲು ಉದ್ದವಾಗುತ್ತದೆ, ವಿನ್ಯಾಸ ಮಾಡುವವರಿಗೆ ಇಷ್ಟವಾಗುವುದಿಲ್ಲ. ಅಕ್ಷರದ ಗಾತ್ರವನ್ನು ಸ್ವಲ್ಪ ಇಳಿಸಿ ಎನ್ನುತ್ತೇನೆ, ಸಾಲನ್ನು ಬಿಡುವುದಿಲ್ಲ.

ಇದಕ್ಕೆ ಮನೆಯ ಹಿರಿಯರು ಒಪ್ಪದಿರುವುದೂ ಉಂಟು. "ಗುರುವಾರ ಎಂದು ಹಾಕಿದರೆ ವಾರವೇ ತಪ್ಪಿತಲ್ಲಮ್ಮ, ಬುಧವಾರ ಒಳ್ಳೆಯದು ಎಂದೇ ಇಟ್ಟುಕೊಂಡದ್ದು" ಎನ್ನುತ್ತಾರೆ. ಅವರ ಮಾತಿನಲ್ಲಿ ನ್ಯಾಯವಿದೆ. ಅದಕ್ಕೆ ಕನ್ನಡ ಆಮಂತ್ರಣದಲ್ಲೇ ಜಾಗವಿದೆ. ಸಂವತ್ಸರ, ಮಾಸ, ಪಕ್ಷ, ತಿಥಿ, ನಕ್ಷತ್ರ ಇರುವ ಮೊದಲ ಸಾಲಿನಲ್ಲಿ "ಸೌಮ್ಯವಾಸರ" ಎಂದು ಹಾಕುತ್ತೇನೆ. ಬುಧವಾರಕ್ಕೆ ಸಂಕಲ್ಪದಲ್ಲಿ ಹೇಳುವ ಹೆಸರು ಅದು. ಕ್ಯಾಲೆಂಡರಿನ ತಾರೀಖು, ವಾರ, ಗಂಟೆ ಕೆಳಗಿನ ಸಾಲಿಗೆ ಬರುತ್ತವೆ. ಪಂಚಾಂಗದ ವಾರವನ್ನೂ ಕ್ಯಾಲೆಂಡರಿನ ತಾರೀಖನ್ನೂ ಒಂದೇ ಸಾಲಿನಲ್ಲಿ ಬೆರೆಸುವುದಿಲ್ಲ.

ಹಾಗಾದರೆ ಆ ಪಂಚಾಂಗದ ಸಾಲು ಇಂಗ್ಲಿಷಿನಲ್ಲಿಯೂ ಬೇಡವೇ ಎಂದು ಕೆಲವರು ಕೇಳುತ್ತಾರೆ. ಎರಡೂ ಒಂದೇ ಆಗಬೇಕು ಎಂದು ನಾನೇ ಹೇಳುವವಳಾದ್ದರಿಂದ ಈ ಪ್ರಶ್ನೆಗೆ ಉತ್ತರ ಕೊಡಲೇಬೇಕು. ನನ್ನ ಅಭಿಪ್ರಾಯದಲ್ಲಿ ಬೇಡ. ಇಂಗ್ಲಿಷ್ ಬದಿಯನ್ನು ಓದುವವರಲ್ಲಿ ಹೆಚ್ಚಿನವರಿಗೆ ಸೌಮ್ಯವಾಸರ ಗೊತ್ತಿರುವುದಿಲ್ಲ, ಬುಧವಾರ ಎಂದು ಬಿಡಿಸಿ ಬರೆದರೆ ಹಳೆಯ ಗೊಂದಲವೇ ಹಿಂದಿರುಗುತ್ತದೆ. ಒಂದು ಬದಿಯಲ್ಲಿ ಇಲ್ಲದಿರುವುದು ಬೇರೆ, ಎರಡು ಬದಿ ಬೇರೆ ಬೇರೆ ಹೇಳುವುದು ಬೇರೆ. ಯಾವ ಬದಿ ಓದಿದರೂ ಅತಿಥಿ ಅದೇ ಹೊತ್ತಿಗೆ ಅದೇ ಬಾಗಿಲಿಗೆ ಬರಬೇಕು, ಕರೆದವರು ಯಾರೆಂಬುದು ಒಂದೇ ರೀತಿ ತಿಳಿಯಬೇಕು. ಅಷ್ಟರಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ನಾನು ಒಪ್ಪುವುದಿಲ್ಲ.

ಮಧ್ಯಾಹ್ನದ ಅಭಿಜಿನ್ ಮುಹೂರ್ತದಲ್ಲಿಯೂ ಇಂಥದೇ ಚಿಕ್ಕ ತೊಡಕಿದೆ. "ಬೆಳಿಗ್ಗೆ 11.50ರಿಂದ 12.35ರವರೆಗೆ" ಎಂಬುದನ್ನು ಇಂಗ್ಲಿಷಿಗೆ ತರುವಾಗ ಕೊನೆಯಲ್ಲಿ ಒಂದೇ ಎ.ಎಂ. ಹಾಕಿದರೆ 12.35 ನಡುರಾತ್ರಿಯಾಗುತ್ತದೆ. ಎರಡೂ ಸಮಯಕ್ಕೆ ಬೇರೆ ಬೇರೆ ಗುರುತು ಹಾಕಬೇಕು, ಕನ್ನಡದಲ್ಲಿಯೂ "ಮಧ್ಯಾಹ್ನ 12.35" ಎಂದು ಬಿಡಿಸಬೇಕು.

ಮದುವೆಯ ಪತ್ರಿಕೆಗಳಲ್ಲಿ ಹೊತ್ತಿಗಿಂತ ಸಂಬಂಧದ ಮಾತುಗಳು ಹೆಚ್ಚು ಕಾಡುತ್ತವೆ. "ಹಿರಿಯ ಮಗ" ಎಂದು ಕನ್ನಡದಲ್ಲಿ ಬರೆದರೆ ಸಾಕು, ಮಕ್ಕಳು ಎಷ್ಟು ಮಂದಿ ಎಂದು ಯಾರೂ ಕೇಳುವುದಿಲ್ಲ. ಇಂಗ್ಲಿಷ್ ಕೇಳುತ್ತದೆ. ಗಂಡುಮಕ್ಕಳು ಇಬ್ಬರೇ ಆದರೆ ಎಲ್ಡರ್, ಮೂವರು ಅಥವಾ ಹೆಚ್ಚು ಇದ್ದರೆ ಎಲ್ಡೆಸ್ಟ್. ಇದನ್ನು ಊಹಿಸಿ ಹಾಕಿದರೆ ಮನೆಯಲ್ಲಿ ಇನ್ನೊಬ್ಬ ಮಗನಿದ್ದಾನೆ ಎಂದೋ ಇಲ್ಲ ಎಂದೋ ನಾವೇ ಹೇಳಿದಂತಾಗುತ್ತದೆ. ಹಾಗಾಗಿ ನನ್ನ ಹಾಳೆಯಲ್ಲಿ ಈಗ ಅದಕ್ಕೊಂದು ಸಾಲಿದೆ: ಗಂಡು ಎಷ್ಟು, ಹೆಣ್ಣು ಎಷ್ಟು. "ಸೊಸೆ", "ಅಳಿಯ" ಬಂದಾಗಲೂ ಕೇಳಿಯೇ ಬರೆಯುತ್ತೇನೆ. ಮಗನ ಹೆಂಡತಿಯೋ ತಂಗಿಯ ಮಗಳೋ, ಮಗಳ ಗಂಡನೋ ಅಕ್ಕನ ಮಗನೋ ಕನ್ನಡದ ಆ ಒಂದು ಪದದಿಂದ ಗೊತ್ತಾಗುವುದಿಲ್ಲ, ಇಂಗ್ಲಿಷಿನಲ್ಲಿ ಎರಡಕ್ಕೂ ಬೇರೆ ಬೇರೆ ಪದಗಳಿವೆ.

ಜೋಡಣೆ ಮುಗಿದ ಮೇಲೆ ಮಾಡುವ ಪರೀಕ್ಷೆಗೆ ಹೆಚ್ಚು ಹೊತ್ತು ಬೇಡ. ಕನ್ನಡದ ಬದಿಯನ್ನು ನೋಡಿರದ ಸಹೋದ್ಯೋಗಿಯ ಕೈಗೆ ಇಂಗ್ಲಿಷ್ ಬದಿಯನ್ನು ಕೊಟ್ಟು, ಅದರಲ್ಲಿ ಏನಿದೆ ಎಂದು ಕನ್ನಡದಲ್ಲಿ ಬಾಯಿಬಿಟ್ಟು ಹೇಳಿಸುತ್ತೇನೆ. "ನೀವು ಯಾವ ರಾತ್ರಿ ಬಸ್ಸು ಹತ್ತುತ್ತೀರಿ? ಹೋದಾಗ ಯಾವ ಊಟ ಸಿಗುತ್ತದೆ?" ಎಂದು ಕೇಳುತ್ತೇನೆ. ಅವರು ಹೇಳುತ್ತಿದ್ದಂತೆ ಹಾಳೆಯ ಮೇಲೆ ಗೆರೆ ಹಾಕುತ್ತಾ ಹೋಗುತ್ತೇನೆ. ನಾನೇ ಎರಡನ್ನೂ ಓದಿ ತಾಳೆ ನೋಡಿದರೆ ಆಗುವುದಿಲ್ಲ, ಏಕೆಂದರೆ ಕನ್ನಡದಲ್ಲಿ ಓದಿದ್ದನ್ನು ನನ್ನ ಕಣ್ಣು ಇಂಗ್ಲಿಷಿನಲ್ಲಿ ಇಲ್ಲದಿದ್ದರೂ ಓದಿಕೊಳ್ಳುತ್ತದೆ. ಗೃಹಪ್ರವೇಶದ ಕಾರ್ಡಿನಲ್ಲಿ ಆದದ್ದೂ ಅದೇ.

ಇಷ್ಟೆಲ್ಲ ಆದ ಮೇಲೂ ಕೆಡುವುದು ಕೊನೆಯ ತಿದ್ದುಪಡಿಯಲ್ಲಿ. ಅಚ್ಚಿಗೆ ಹೋಗುವ ಸಂಜೆ ಫೋನ್ ಬರುತ್ತದೆ, ಊಟ ಹನ್ನೆರಡೂವರೆಗಲ್ಲ, ಒಂದು ಗಂಟೆಗೆ ಎಂದು. ಮಾತನಾಡಿದ್ದು ಕನ್ನಡದಲ್ಲಾದ್ದರಿಂದ ಕೈ ತಾನಾಗಿ ಕನ್ನಡದ ಬದಿಗೆ ಹೋಗುತ್ತದೆ, ಇಂಗ್ಲಿಷ್ ಹಾಗೆಯೇ ಉಳಿಯುತ್ತದೆ. ಅದಕ್ಕೇ ಎರಡೂ ಬದಿಯನ್ನು ಒಂದೇ ಕಡತದಲ್ಲಿ ಇಡುತ್ತೇನೆ, ತಿದ್ದುವುದಾದರೆ ಮೊದಲು ಹಾಳೆಯನ್ನು ತಿದ್ದುತ್ತೇನೆ. ಒಪ್ಪಿಗೆಗೆ ಮೊಬೈಲಿನಲ್ಲಿ ಕಳಿಸುವಾಗಲೂ ಎರಡೂ ಬದಿ ಒಂದೇ ಚಿತ್ರದಲ್ಲಿ ಇರುತ್ತವೆ.

ಕಳೆದ ತಿಂಗಳು ಒಂದು ಮದುವೆ ಪತ್ರಿಕೆಯ ಕರಡನ್ನು ನೋಡಲು ವರನ ಅಜ್ಜಿಯೂ ಬಂದಿದ್ದರು. ತಾತ ತೀರಿಕೊಂಡು ಎರಡು ವರ್ಷವಾಗಿತ್ತು. ಕನ್ನಡದಲ್ಲಿ "ದಿ||" ಎಂದು ತಾತನ ಹೆಸರಿಗೆ, "ಶ್ರೀಮತಿ" ಎಂದು ಅಜ್ಜಿಯ ಹೆಸರಿಗೆ ಸರಿಯಾಗಿ ಇತ್ತು. ಇಂಗ್ಲಿಷಿನಲ್ಲಿ ಲೇಟ್ ಎಂಬ ಪದದ ನಂತರ ಎರಡು ಹೆಸರುಗಳು "ಮತ್ತು" ಎಂಬ ಅರ್ಥದ ಪದದಿಂದ ಸೇರಿಕೊಂಡು ನಿಂತಿದ್ದವು. ಓದಿದವರಿಗೆ ಇಬ್ಬರೂ ಇಲ್ಲ ಎಂದೇ ಅನಿಸುತ್ತಿತ್ತು. ಮೊಮ್ಮಗಳು ಅದನ್ನು ಓದಿ ಹೇಳಿದಾಗ ಅಜ್ಜಿ ಏನೂ ಅನ್ನಲಿಲ್ಲ, ತಮ್ಮ ಹೆಸರಿನ ಮೇಲೆ ಬೆರಳಿಟ್ಟು ಸುಮ್ಮನೆ ಕುಳಿತರು. ನಾನು ಎರಡೂ ಬದಿಯಲ್ಲಿ ಅಜ್ಜಿಯ ಹೆಸರನ್ನು ಮೊದಲಿಗೆ ತಂದು, ತಾತನ ಹೆಸರನ್ನು ಆಮೇಲೆ ಇಟ್ಟು, "ದಿ||" ಎಂಬುದನ್ನೂ ಲೇಟ್ ಎಂಬುದನ್ನೂ ಅದಕ್ಕೆ ಮಾತ್ರ ಅಂಟಿಸಿದೆ. ಇನ್ನೊಂದು ಪ್ರತಿ ತೆಗೆದು ಅವರ ಕೈಗೇ ಕೊಟ್ಟೆ. ಮೊಮ್ಮಗಳು ಇಂಗ್ಲಿಷ್ ಓದಿ ಕನ್ನಡದಲ್ಲಿ ಹೇಳುತ್ತಾ ಹೋದಳು, ಅಜ್ಜಿ ಕನ್ನಡದ ಬದಿಯಲ್ಲಿ ಬೆರಳು ಸರಿಸುತ್ತಾ ಹೋದರು. ಕೊನೆಯ ಸಾಲು ಮುಟ್ಟಿದ ಮೇಲೆ "ಸರಿಯಾಗಿದೆ, ಅಚ್ಚು ಹಾಕಮ್ಮ" ಎಂದರು.