ಬೀದಿ ಗಣಪನ ಮೆರವಣಿಗೆಗೆ ತಮಟೆ ಹಾಡು: ಇಲ್ಲಿವರೆಗೆ ಆದ ಕೆಲಸ

ಹಬ್ಬಕ್ಕೆ ಐದು ವಾರ

ಹೋದ ವರ್ಷ ಗಣಪನನ್ನು ಬಿಡೋಕೆ ಹೋಗುವಾಗ ಡಿಜೆ ತರಿಸಿದ್ದೆವು. ಹುಡುಗರು ಕುಣಿದರು. ಅಜ್ಜಿ ತಾತಂದಿರು ಮಂಗಳಾರತಿ ತಗೊಂಡು ಒಳಗೆ ಹೋಗಿ ಕಿಟಕಿ ಹಾಕ್ಕೊಂಡರು. ಈ ಸಲ ತಮಟೆ ಇರಲಿ, ಹಾಡು ನಾವೇ ಕಟ್ಟೋಣ ಅಂತ ಮೀಟಿಂಗಲ್ಲಿ ಬಾಯಿ ಬಿಟ್ಟವನು ನಾನೇ. ಕೆಲಸ ನನ್ನ ತಲೆಗೇ ಬಂತು.

ತಮಟೆಗೆ ಪಕ್ಕದ ಹಳ್ಳಿಯ ಅಣ್ಣನೊಬ್ಬರು ಒಪ್ಪಿದ್ದಾರೆ. ಜೊತೆಗೆ ಅವರ ಇಬ್ಬರು ಅಳಿಯಂದಿರು. ಪ್ರಾಕ್ಟೀಸ್ ದಿನಗಳಿಗೂ ಸೇರಿಸಿ ದುಡ್ಡು ಮೊದಲೇ ಮಾತಾಡಿದೆವು. ಮೆರವಣಿಗೆ ಮುಗಿದ ಮೇಲೆ ಚೌಕಾಸಿ ಮಾಡೋದು ನನಗೆ ಹಿಡಿಸಲ್ಲ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ ಪದ್ಮಶ್ರೀ ಬಂದಿದೆ. ಆದರೂ ನಮ್ಮ ಕಮಿಟಿಯಲ್ಲಿ ಒಬ್ಬರು "ತಮಟೆಗೆ ಅಷ್ಟೊಂದಾ?" ಅಂದರು. ಡಿಜೆ ಬಿಲ್ ತೋರಿಸಿದ ಮೇಲೆ ಸುಮ್ಮನಾದರು.

ನಾಲ್ಕು ವಾರ

ಮೊದಲ ಹಾಡು ಬರೆದೆ. ಕೂಗುವವನು ಒಂದು ಸಾಲು ಹೇಳಬೇಕು, ಉಳಿದವರು ಒಂದು ಸಾಲು ತಿರುಗಿಸಿ ಹೇಳಬೇಕು. ನನ್ನ ಸಾಲು ಇದು:

ನಮ್ಮಯ ಬೀದಿಯ ಗಣಪತಿ ಹೊರಟನು

ಮನೆಯಲ್ಲಿ ಮೇಜು ಬಡಿದು ಹೇಳಿದಾಗ ಚೆನ್ನಾಗಿಯೇ ಇತ್ತು. ತಮಟೆ ಜೊತೆ ಹೇಳಿದರೆ ಮೂರನೇ ಪದಕ್ಕೇ ಎಡವಿತು. ಮಕ್ಕಳು ಒಂದು ಕಡೆ, ಏಟು ಇನ್ನೊಂದು ಕಡೆ. ಅಣ್ಣನಿಗೆ "ಸ್ವಲ್ಪ ನಿಧಾನ ಬಾರಿಸಿ" ಅಂದೆ. ನಿಧಾನ ಮಾಡಿದರು. ಎಡವೋದೂ ನಿಧಾನವಾಯಿತು, ಅಷ್ಟೇ.

ಗೊತ್ತು ಹಚ್ಚಿದ್ದು ಎದುರು ಮನೆಯ ರಿಟೈರಾದ ಕನ್ನಡ ಮೇಷ್ಟ್ರು. ಜಗಲಿ ಮೇಲೆ ಕೂತು ಕೇಳುತ್ತಿದ್ದವರು ಎದ್ದು ಬಂದರು. "ಏನಪ್ಪಾ, ಹೈಸ್ಕೂಲಲ್ಲಿ ರಗಳೆ ಓದಿದ್ದು ಮರೆತುಬಿಟ್ಯಾ? ನೀನು ಬರೆದಿರೋದು ಮಂದಾನಿಲ. ಅವನು ಬಾರಿಸ್ತಿರೋದು ಉತ್ಸಾಹ."

ಪ್ರಸ್ತಾರ ಹಾಕಿ ತೋರಿಸಿದರು. ಗುರುವಿಗೆ ಎರಡು ಮಾತ್ರೆ, ಲಘುವಿಗೆ ಒಂದು. "ನಮ್ಮಯ" ಅಂದರೆ ಎರಡು, ಒಂದು, ಒಂದು: ಒಟ್ಟು ನಾಲ್ಕು. "ಬೀದಿಯ", "ಗಣಪತಿ", "ಹೊರಟನು" ಎಲ್ಲವೂ ನಾಲ್ಕು ನಾಲ್ಕೇ. ಅಣ್ಣನ ಏಟು ಕೇಳಿದರೆ ಡಂಡ ಡಣಕ, ಡಂಡ ಡಣಕ. ಅದು ಮೂರು ಮೂರು. ನಾಲ್ಕರ ಮಾತನ್ನು ಮೂರರ ಏಟಿನ ಮೇಲೆ ಕೂರಿಸಿದರೆ ಎರಡನೇ ಪದದಿಂದಲೇ ಒಂದೊಂದು ಮಾತ್ರೆ ಹಿಂದೆ ಬೀಳುತ್ತೆ. ವೇಗದ ತಪ್ಪೇ ಅಲ್ಲ ಅದು.

ಆಮೇಲೆ ಅವರು ಪೆನ್ ತಗೊಂಡು ಪ್ರತಿ ಪದದ ಕೊನೆಯ ಅಕ್ಷರ ಹೊಡೆದು ಹಾಕಿದರು:

ನಮ್ಮ ಬೀದಿ ಗಣಪ ಹೊರಟ

ಮೂರು, ಮೂರು, ಮೂರು, ಮೂರು. ನಾವು ಬಾಯಲ್ಲಿ ಆಡೋದೂ ಹೀಗೇ ಅಲ್ವಾ! ಪುಸ್ತಕದ ಕನ್ನಡ ಮಾಡೋಕೆ ಹೋಗಿ ನಾನೇ ಆ ನಾಲ್ಕು ಅಕ್ಷರ ಅಂಟಿಸಿದ್ದೆ. ತಿರುಗಿಸಿ ಹೇಳೋ ಸಾಲು ಮಕ್ಕಳೇ ಕೊಟ್ಟರು: ಜಾಗ ಬಿಡ್ರಿ ಜಾಗ ಬಿಡ್ರಿ. ಅದೂ ಸರಿಯಾಗಿ ಮೂರು ಮೂರು.

ಒಂದು ಪದ ಮಾತ್ರ ಕೈಬಿಡಬೇಕಾಯಿತು. ನನಗೆ "ಗಣೇಶ" ಬೇಕಿತ್ತು. ಅದು ನಾಲ್ಕು ಮಾತ್ರೆ, ಸಾಲದ್ದಕ್ಕೆ ಗುರು ಎರಡನೇ ಅಕ್ಷರಕ್ಕೆ ಬರುತ್ತೆ. ದಪ್ಪ ಕೋಲಿನ ಏಟು "ಗ" ಮೇಲೆ ಬೀಳುತ್ತೆ, ನಾಲಗೆ "ಣೇ" ಮೇಲೆ ಒತ್ತುತ್ತೆ. ಐದಾರು ಸಲ ಹೇಳುವಷ್ಟರಲ್ಲಿ ಮಕ್ಕಳ ಬಾಯಲ್ಲಿ "ಗಣ್ಣೇಸ" ಆಗಿತ್ತು. "ಗಣಪ" ಅಂದರೆ ಮೂರೂ ಅಕ್ಷರ ಮೂರು ಏಟಿಗೆ ನೆಟ್ಟಗೆ ಕೂರುತ್ತೆ.

ಮೂರು ವಾರ

ಇನ್ನೆರಡು ಜೋಡಿ ಸಾಲು ಆಯಿತು. ಕಥೆ ಎಲ್ಲರಿಗೂ ಗೊತ್ತಿರೋದೇ.

ಕಡುಬು ತಿಂದು ಹೊಟ್ಟೆ ಬಿರಿದು
ಹಾವು ಸುತ್ತಿ ಬಿಗಿದು ಕೊಂಡ

ನಕ್ಕ ಚಂದ್ರ ಸಿಕ್ಕಿ ಬಿದ್ದ
ಜಾಗ ಬಿಡ್ರಿ ಜಾಗ ಬಿಡ್ರಿ

"ಬಿಗಿದುಕೊಂಡ" ಒಂದೇ ಪದ ಅಂತ ಗೊತ್ತು. ಹಾಡೋವಾಗ ಒಡೆಯುತ್ತೆ, ಮೇಷ್ಟ್ರು ಕ್ಷಮಿಸಿದ್ದಾರೆ.

ಇದರ ಜೊತೆ ಒಂದು ಉಪಾಯ ಅಣ್ಣನಿಂದ ಬಂತು. ಮೂರು ತಮಟೆ ಒಟ್ಟಿಗೆ ಮೊಳಗಿದರೆ ಕೂಗುವವನ ದನಿ ಮೂರು ಮಾರು ದೂರಕ್ಕೂ ಕೇಳಲ್ಲ. ಅದಕ್ಕೇ ಅವನು ಕೂಗುವ ಸಾಲಿನಲ್ಲಿ ಅಣ್ಣ ಒಬ್ಬರೇ, ಅದೂ ಸಣ್ಣ ಕಡ್ಡಿಯಲ್ಲಿ ಮಾತ್ರ ಚಟಪಟ ಅನಿಸುತ್ತಾರೆ. ಎಲ್ಲರೂ ತಿರುಗಿಸಿ ಹೇಳೋ ಸಾಲಿಗೆ ಮೂರೂ ತಮಟೆಗೆ ದಪ್ಪ ಕೋಲು ಬೀಳುತ್ತೆ. ಮೈಕ್ ಇಲ್ಲದೆ ಮಾತು ಕೇಳುತ್ತೆ. ದಪ್ಪ ಏಟು ಬಂತು ಅಂದರೆ ತಮ್ಮ ಸರದಿ ಅಂತ ಮೂರು ವರ್ಷದ ಮಗುವಿಗೂ ಗೊತ್ತಾಗುತ್ತೆ.

ಎರಡು ವಾರ

ವೇಗದ ಜಗಳ. ಹುಡುಗರಿಗೆ ಜೋರು ಬೇಕು. ನಿಮಿಷಕ್ಕೆ 120 ಹೆಜ್ಜೆ ಬೀಳುವ ಹಾಗೆ ಬೀದಿಯಲ್ಲಿ ಒಂದು ಸುತ್ತು ನಡೆದು ನೋಡಿದೆವು. ಬೀದಿ ಕೊನೆಗೆ ಬರುವಷ್ಟರಲ್ಲಿ ಹಿರಿಯರು ನಲವತ್ತು ಮೀಟರ್ ಹಿಂದೆ ಉಳಿದಿದ್ದರು.

ಮಾರನೇ ದಿನ ಅವರ ಜೊತೆಗೇ ನಡೆದು ಎಣಿಸಿದೆ. ಹತ್ತು ಸೆಕೆಂಡಿಗೆ ಹದಿನಾಲ್ಕು ಹೆಜ್ಜೆ, ಅಂದರೆ ನಿಮಿಷಕ್ಕೆ 84. ಇದು ತೀರಾ ಸಪ್ಪೆ ಆಗುತ್ತೇನೋ ಅಂತ ಹೆದರಿದ್ದೆ. ಆದರೆ ಒಂದು ಹೆಜ್ಜೆಯೊಳಗೆ ಮೂರು ಏಟು ಇದೆಯಲ್ಲ! 84 ಹೆಜ್ಜೆಗೆ 252 ಏಟು, ಸೆಕೆಂಡಿಗೆ ನಾಲ್ಕಕ್ಕಿಂತ ಜಾಸ್ತಿ. ಅಜ್ಜಿಯರು ಪ್ರತಿ ಮೂರರ ಮೊದಲ ಏಟಿಗೆ ಕಾಲಿಡುತ್ತಾರೆ, ಹುಡುಗರು "ಡಣಕ"ದ ಮೂರಕ್ಕೂ ಭುಜ ಕುಣಿಸುತ್ತಾರೆ. ಏಟು ಒಂದೇ, ಯಾರು ಯಾವುದನ್ನು ಹಿಡಿಯುತ್ತಾರೆ ಅನ್ನೋದಷ್ಟೇ ಬೇರೆ. ಜೋರು ಬೇಕು ಅಂದವರಲ್ಲಿ ಒಬ್ಬನೂ ಆಮೇಲೆ ತಕರಾರು ಮಾಡಲಿಲ್ಲ.

ಇನ್ನೊಂದು ತೊಂದರೆ ಚಪ್ಪಾಳೆಯದು. ತಮಟೆ ಎಲ್ಲಕ್ಕಿಂತ ಮುಂದೆ ಇದ್ದಾಗ ಹಿಂದಿನವರ ಚಪ್ಪಾಳೆ ತಡವಾಗಿ ಬೀಳುತ್ತಿತ್ತು. ತಪ್ಪು ಅವರದಲ್ಲ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. ನಲವತ್ತು ಮೀಟರ್ ದಾಟೋಕೆ 0.12 ಸೆಕೆಂಡ್. ನಮ್ಮ ಒಂದೊಂದು ಏಟಿನ ನಡುವೆ ಇರೋದೇ 0.24. ಅಂದರೆ ಅರ್ಧ ಏಟು ತಡ. ಈಗ ತಮಟೆಯನ್ನು ಮೆರವಣಿಗೆ ನಡುಮಧ್ಯಕ್ಕೆ ತಂದಿದ್ದೇವೆ. ಮುಂದೆ ಮಕ್ಕಳು, ಹಿಂದೆ ಹಿರಿಯರು, ಕೊನೆಗೆ ಗಣಪನ ಟ್ರ್ಯಾಕ್ಟರ್. ತೀರಾ ಚಿಕ್ಕ ಮಕ್ಕಳು ತಮಟೆಯ ಹತ್ತಿರ ಸುಳಿಯದ ಹಾಗೆ ನೋಡಿಕೊಳ್ಳೋಕೆ ಇಬ್ಬರು ಅಮ್ಮಂದಿರು ಒಪ್ಪಿದ್ದಾರೆ.

ಒಂದು ವಾರ

ಸಂಜೆ ಮಳೆ. ಅಣ್ಣನ ಹತ್ತಿರ ಇರೋದು ಚರ್ಮದ ತಮಟೆ. ತೇವಕ್ಕೆ ಚರ್ಮ ಸಡಿಲವಾಗಿ "ಡಬ್ ಡಬ್" ಅಂತ ಒದ್ದೆ ಚೀಲ ಬಡಿದ ಹಾಗೆ ಕೇಳಿತು. ಒಣ ಹುಲ್ಲಿಗೆ ಬೆಂಕಿ ಹಾಕಿ, ತಮಟೆಯನ್ನು ತಿರುಗಿಸುತ್ತಾ ಕಾಯಿಸಿದರು. ನಡುನಡುವೆ ಬೆರಳಲ್ಲಿ ತಟ್ಟಿ ಕೇಳೋದು, ಮತ್ತೆ ಕಾಯಿಸೋದು. "ಟಣ್" ಅಂದ ತಕ್ಷಣ ತೆಗೆದರು.

"ನಾನೂ ಒಂದು ಕಾಯಿಸ್ತೀನಿ" ಅಂತ ಮುಂದೆ ಬಿದ್ದೆ. ತಿರುಗಿಸೋದು ಮರೆತು ಮಾತಾಡ್ತಾ ನಿಂತೆ. ಅಂಚಿನ ಹತ್ತಿರ ಪಟ್ ಅಂತ ಬೆರಳುದ್ದ ಬಿರುಕು. ಅಣ್ಣ ಬೈಯಲಿಲ್ಲ, ಅದೇ ಜಾಸ್ತಿ ನಾಚಿಕೆಯಾಯಿತು. ಹೊಸ ಚರ್ಮದ ದುಡ್ಡು ನನ್ನ ಜೇಬಿನಿಂದ. ಅಷ್ಟರಲ್ಲಿ ಅದು ಸಿದ್ಧವಾಗದಿದ್ದರೆ ಅಂತ ಒಂದು ಫೈಬರ್ ತಮಟೆ ಹೇಳಿಟ್ಟಿದ್ದೇವೆ. ಅದಕ್ಕೆ ಮಳೆಯ ಭಯವಿಲ್ಲ, ಆದರೆ ದನಿ ಬರೀ ತೆಳು. ಮೂರರಲ್ಲಿ ಒಂದು ಹಾಗಿದ್ದರೆ ನಡೆಯುತ್ತೆ ಅಂದರು ಅಣ್ಣ.

ಬಾಕಿ ಇರೋದು: ಟ್ರ್ಯಾಕ್ಟರಿನಲ್ಲಿ ಟಾರ್ಪಾಲ್ ಕೆಳಗೆ ಒಣ ಹುಲ್ಲು ಇಡಬೇಕು. ಮೂಲೆ ಮನೆಯ ಅಜ್ಜಿ ತಮ್ಮ ಹೆಸರೂ ಹಾಡಲ್ಲಿ ಬರಬೇಕು ಅಂತ ಹಟ ಹಿಡಿದಿದ್ದಾರೆ. ಹೆಸರು ಐದು ಮಾತ್ರೆ, ಯಾವ ಏಟಿಗೂ ಕೂರುತ್ತಿಲ್ಲ. ಸದ್ಯಕ್ಕೆ "ಮೂಲೆ ಮನೆಯ ಅಜ್ಜಿ ಬಂದ್ರು" ಅಂತ ಮಾಡಿದ್ದೇನೆ. ಮೂರು ಮೂರು ಸರಿ ಇದೆ. ಅಜ್ಜಿ ಇನ್ನೂ ಒಪ್ಪಿಲ್ಲ.